ಸಹಿಯನ್ನು ಕಾಗದದಿಂದ ಬಿಡಿಸಿ ಪಿಎನ್‌ಜಿ ಮಾಡಿಕೊಳ್ಳುವುದು: ಎಲ್ಲಿ ಒತ್ತಬಹುದು, ಎಲ್ಲಿ ಒತ್ತಬಾರದು

ವಾರದ ಟೈಮ್‌ಶೀಟ್, ಬಾಡಿಗೆ ಮನೆಯ ಅರ್ಜಿ, ಸಾಮಾನು ತಲುಪಿದ ರಸೀದಿ, ಕಾಂಟ್ರಾಕ್ಟ್ ಕೆಲಸದ ಬಿಲ್ಲು. ಇವೆಲ್ಲ ಈಗ ಈಮೇಲ್‌ನಲ್ಲೇ ಬರುತ್ತವೆ, "ಸಹಿ ಮಾಡಿ ಇವತ್ತೇ ಕಳಿಸಿ" ಅಂತ ಕೆಳಗೆ ಬರೆದಿರುತ್ತಾರೆ. ಮನೆಯಲ್ಲಿ ಪ್ರಿಂಟರ್ ಇರೋದಿಲ್ಲ. ಒಂದು ಹಾಳೆಗೋಸ್ಕರ ಅಂಗಡಿಗೆ ಹೋಗಿ ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಶಿಫ್ಟ್ ಶುರುವಾಗಿರುತ್ತದೆ. ಇದಕ್ಕೆ ಒಂದು ದಾರಿ ಇದೆ. ನಿಮ್ಮ ಸಹಿಯನ್ನು ಒಂದು ಸಲ ಸರಿಯಾಗಿ ಸ್ಕ್ಯಾನ್ ಮಾಡಿ, ಸುತ್ತಲಿನ ಬಿಳಿ ಕಾಗದವನ್ನು ತೆಗೆದುಹಾಕಿ, ಬರೀ ಶಾಯಿಯ ಗೆರೆ ಉಳಿಯುವಂತೆ ಮಾಡಿಟ್ಟುಕೊಂಡರೆ ಬೇಕಾದ ಕಾಗದದ ಮೇಲೆ ಅದನ್ನು ಒತ್ತಬಹುದು.

ಈ ಪಾಠದಲ್ಲಿ ಮೂರು ವಿಷಯ ಹೇಳುತ್ತೇನೆ. ಮೊದಲನೆಯದು ಆ ಫೈಲನ್ನು ಮಾಡುವ ಕ್ರಮ. ಎರಡನೆಯದು ಒಂದು ಟೈಮ್‌ಶೀಟ್‌ನ ಮೇಲೆ ಅದನ್ನು ಒತ್ತುವ ಕ್ರಮ. ಮೂರನೆಯದು ಎಲ್ಲಿ ಅದನ್ನು ಒತ್ತಲೇಬಾರದು ಅನ್ನೋದು. ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಮಾತ್ರ ಕಲಿತರೆ ನಷ್ಟವಾಗುವುದು ನಿಮಗೇ. ಯಾಕಂದ್ರೆ ಈ ಫೈಲು ಯಾರ ಕೈಲಿ ಇರುತ್ತದೋ ಅವರು ನಿಮ್ಮ ಹೆಸರಿನಲ್ಲಿ ಸಹಿ ಹಾಕಬಲ್ಲರು.

ಬಿಳಿ ಪೆಟ್ಟಿಗೆ ಯಾಕೆ ಬರುತ್ತದೆ

ಬಹಳ ಜನ ಸಹಿಯ ಫೋಟೋ ತೆಗೆದು ನೇರವಾಗಿ ಕಾಗದದ ಮೇಲೆ ಅಂಟಿಸುತ್ತಾರೆ. ಆಗ ಸಹಿಯ ಸುತ್ತ ಒಂದು ಬೂದು ಅಥವಾ ಬಿಳಿ ಪೆಟ್ಟಿಗೆ ಕಾಣುತ್ತದೆ. ಕೆಳಗಿನ ಗೆರೆ, ಪಕ್ಕದ ತಾರೀಕು, ಕೆಲವು ಸಲ ಅಚ್ಚಾದ ಹೆಸರು ಕೂಡ ಆ ಪೆಟ್ಟಿಗೆಯ ಅಡಿಗೆ ಹೋಗುತ್ತವೆ. ನೋಡಿದವರಿಗೆ ಏನನ್ನೋ ಮುಚ್ಚಿದ ಹಾಗೆ ಕಾಣುತ್ತದೆ, ಕಾಗದ ವಾಪಸ್ ಬರುತ್ತದೆ.

ಕಾರಣ ಸರಳ. ಫೋಟೋಗಳು ಸಾಮಾನ್ಯವಾಗಿ ಜೆಪೆಗ್ ರೂಪದಲ್ಲಿ ಉಳಿಯುತ್ತವೆ. ಜೆಪೆಗ್‌ನಲ್ಲಿ ಪ್ರತಿಯೊಂದು ಚುಕ್ಕಿಗೂ ಒಂದು ಬಣ್ಣ ಇರಲೇಬೇಕು, "ಇಲ್ಲಿ ಏನೂ ಇಲ್ಲ" ಅಂತ ಹೇಳಲು ಅದರಲ್ಲಿ ಜಾಗವೇ ಇಲ್ಲ. ಪಿಎನ್‌ಜಿಯಲ್ಲಿ ಆ ಜಾಗ ಇದೆ. ಪ್ರತಿ ಚುಕ್ಕಿಗೆ ಬಣ್ಣದ ಜೊತೆಗೆ ಎಷ್ಟು ಪಾರದರ್ಶಕ ಅನ್ನುವ ಇನ್ನೊಂದು ಅಳತೆಯೂ ಇರುತ್ತದೆ. ಇದಕ್ಕೆ ಆಲ್ಫಾ ಅಂತಾರೆ. ಕಾಗದದ ಭಾಗದ ಆಲ್ಫಾ ಸೊನ್ನೆಯಾದರೆ ಅಲ್ಲಿ ಕೆಳಗಿನ ಬರಹ ಹಾಗೇ ಕಾಣುತ್ತದೆ.

ಇದರಿಂದಲೇ ಇನ್ನೊಂದು ಮಾತು ಗೊತ್ತಾಗುತ್ತದೆ. ಚೆನ್ನಾಗಿ ಮಾಡಿದ ಪಿಎನ್‌ಜಿಯನ್ನು ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಜೆಪೆಗ್ ಆಗಿ ಬದಲಾಗುತ್ತದೆ, ಪಾರದರ್ಶಕತೆ ಹೋಗುತ್ತದೆ, ಹಿನ್ನೆಲೆ ಬಿಳಿಯೋ ಕಪ್ಪೋ ಆಗಿಬಿಡುತ್ತದೆ. "ನೆನ್ನೆ ಸರಿಯಿತ್ತು, ಇವತ್ತು ಕಪ್ಪಾಗಿದೆ" ಅಂದರೆ ಹೆಚ್ಚಾಗಿ ಇದೇ ಕಾರಣ.

ಸಹಿ ಹಾಕಿ ಸ್ಕ್ಯಾನ್ ಮಾಡುವುದು

ಗೆರೆ ಇಲ್ಲದ ಬಿಳಿ ಹಾಳೆ ತೆಗೆದುಕೊಳ್ಳಿ. ನೋಟ್‌ಬುಕ್ಕಿನ ಹಾಳೆ ಬೇಡ, ಅದರ ನೀಲಿ ಗೆರೆ ಆಮೇಲೆ ಸಹಿಯ ಜೊತೆ ಅಂಟಿಕೊಂಡು ಬರುತ್ತದೆ. ಕಪ್ಪು ಅಥವಾ ಗಾಢ ನೀಲಿ ಜೆಲ್ ಪೆನ್ನು ಒಳ್ಳೆಯದು. ಸಾಮಾನ್ಯ ಬಾಲ್ ಪೆನ್ನಿನ ಗೆರೆ ಮಧ್ಯೆ ಮಧ್ಯೆ ತೆಳುವಾಗುತ್ತದೆ, ಕಾಗದ ತೆಗೆಯುವಾಗ ಆ ತೆಳು ಭಾಗವೂ ಹೋಗಿ ಸಹಿ ತುಂಡು ತುಂಡಾಗುತ್ತದೆ.

ಒಂದೇ ಹಾಳೆಯಲ್ಲಿ ಐದಾರು ಸಲ, ಬೇಕಾದಷ್ಟು ಜಾಗ ಬಿಟ್ಟು ಸಹಿ ಹಾಕಿ. ಯಾವುದು ಪಾಸ್‌ಪೋರ್ಟ್ ಮತ್ತು ಬ್ಯಾಂಕಿನಲ್ಲಿರುವ ನಿಮ್ಮ ಸಹಿಗೆ ಹೊಂದುತ್ತದೋ ಅದನ್ನು ಆರಿಸಿ. ಊರಿನಲ್ಲಿ ಕನ್ನಡದಲ್ಲಿ ಸಹಿ ಹಾಕುತ್ತಿದ್ದು, ಇಲ್ಲಿನ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಹಾಕಿದ್ದರೆ ಎರಡನ್ನೂ ಬೆರೆಸಬೇಡಿ. ಈ ಫೈಲಿಗೆ ಇಲ್ಲಿ ಬಳಸುವ ಸಹಿಯೇ ಇರಲಿ.

ಸ್ಕ್ಯಾನರ್ ಇದ್ದರೆ 600 ಡಿಪಿಐ, ಬಣ್ಣದಲ್ಲಿ ಮಾಡಿ. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಎರಡೂವರೆ ಇಂಚು ಅಗಲ, ಮುಕ್ಕಾಲು ಇಂಚು ಎತ್ತರದ ಸಹಿ 600 ಡಿಪಿಐನಲ್ಲಿ 1500 ಅಡ್ಡ, 450 ಉದ್ದ ಚುಕ್ಕಿಗಳ ಚಿತ್ರವಾಗುತ್ತದೆ. ಇದು ಸಾಕಷ್ಟಾಯಿತು. "ಕಪ್ಪು-ಬಿಳುಪು" ಅನ್ನುವ ಆಯ್ಕೆ ಬೇಡ. ಅದರಲ್ಲಿ ಪ್ರತಿ ಚುಕ್ಕಿಯೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿಯಾಗಿ, ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ನ್ಯೂಯಾರ್ಕ್, ನ್ಯೂಜೆರ್ಸಿಯ ಅನೇಕ ಸಾರ್ವಜನಿಕ ಲೈಬ್ರರಿಗಳಲ್ಲಿ ಸ್ಕ್ಯಾನರ್ ಇರುತ್ತದೆ. ಅಲ್ಲಿ ಮಾಡುವುದಾದರೆ ಫೈಲನ್ನು ನಿಮ್ಮ ಯುಎಸ್‌ಬಿಗೆ ಹಾಕಿಕೊಳ್ಳಿ, ಲೈಬ್ರರಿ ಕಂಪ್ಯೂಟರಿನ Downloads ಮತ್ತು Recycle Bin ಎರಡರಿಂದಲೂ ಅಳಿಸಿ. ಗಾಜಿನ ಮೇಲೆ ಹಾಳೆ ಮರೆತು ಬರಬೇಡಿ, ಅದರಲ್ಲಿ ನಿಮ್ಮ ಐದಾರು ಸಹಿಗಳಿವೆ.

ಫೋನ್ ಕ್ಯಾಮೆರಾದಲ್ಲೂ ಆಗುತ್ತದೆ. ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನಿಮ್ಮ ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ನೇರ ಮೇಲಿನಿಂದ ತೆಗೆಯಿರಿ. ನೆರಳು ಬಿದ್ದರೆ ಹಾಳೆಯ ಒಂದು ಬದಿ ಬೂದಾಗುತ್ತದೆ, ಮುಂದಿನ ಹಂತದಲ್ಲಿ ಅದೇ ತೊಂದರೆ ಕೊಡುತ್ತದೆ.

ಕಾಗದವನ್ನು ತೆಗೆಯುವುದು

ಇದಕ್ಕೆ ಗಿಂಪ್ ಅನ್ನುವ ಉಚಿತ ಪ್ರೋಗ್ರಾಮ್ ಸಾಕು. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಅದರ ಸ್ವಂತ ತಾಣ gimp.org ನಿಂದಲೇ ಇಳಿಸಿಕೊಳ್ಳಿ. "ಸಹಿ ಅಪ್‌ಲೋಡ್ ಮಾಡಿ, ಹಿನ್ನೆಲೆ ತೆಗೆದುಕೊಡುತ್ತೇವೆ" ಅನ್ನುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಆದರೆ ಅಲ್ಲಿಗೆ ಹಾಕಿದ ಸಹಿಯ ಒಂದು ಪ್ರತಿ ಯಾರ ಕಂಪ್ಯೂಟರಿನಲ್ಲಿ ಎಷ್ಟು ದಿನ ಇರುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಸಹಿಯ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಆಗಲಿ.

ಹಂತಗಳು ಹೀಗಿವೆ.

1. `File → Open` ಒತ್ತಿ ಸ್ಕ್ಯಾನ್ ತೆರೆಯಿರಿ. ಸ್ಕ್ಯಾನ್ ಪಿಡಿಎಫ್ ಆಗಿದ್ದರೆ ಗಿಂಪ್ ರೆಸಲ್ಯೂಶನ್ ಎಷ್ಟು ಅಂತ ಕೇಳುತ್ತದೆ, ಅಲ್ಲಿ 600 ಹಾಕಿ.

2. ಆಯತದ ಆಯ್ಕೆ ಟೂಲ್ ತೆಗೆದುಕೊಂಡು, ಒಳ್ಳೆಯ ಸಹಿಯ ಸುತ್ತ ಸ್ವಲ್ಪ ಜಾಗ ಬಿಟ್ಟು ಪೆಟ್ಟಿಗೆ ಎಳೆಯಿರಿ. ಆಮೇಲೆ `Image → Crop to Selection`. ಉಳಿದ ಸಹಿಗಳೆಲ್ಲ ಹೋಗುತ್ತವೆ.

3. `Image → Mode → RGB` ಆಗಿದೆಯಾ ನೋಡಿ. ಇಲ್ಲದಿದ್ದರೆ ಮಾಡಿಕೊಳ್ಳಿ.

4. `Colors → Levels` ತೆರೆಯಿರಿ. ಕಾಗದವನ್ನು ನಿಜವಾದ ಬಿಳಿ ಮಾಡುವುದು ಇಲ್ಲಿ.

5. `Colors → Color to Alpha` ಒತ್ತಿ, ಬಣ್ಣ ಬಿಳಿ ಅಂತ ಇರುವುದನ್ನು ನೋಡಿ `OK` ಕೊಡಿ. ಸಹಿಯ ಹಿಂದೆ ಬೂದು-ಬಿಳಿ ಚೌಕಗಳ ಚಿತ್ತಾರ ಕಾಣುತ್ತದೆ. ಅದು ಚಿತ್ರದ ಭಾಗವಲ್ಲ, "ಇಲ್ಲಿ ಖಾಲಿ" ಅಂತ ತೋರಿಸುವ ಗುರುತು.

6. `File → Export As` ಒತ್ತಿ, ಹೆಸರಿನ ಕೊನೆಗೆ `.png` ಅಂತ ಕೊಟ್ಟು ಉಳಿಸಿ.

ಇಷ್ಟರಲ್ಲಿ ನಾಲ್ಕನೆಯ ಹಂತವನ್ನು ಬಿಡುವವರೇ ಹೆಚ್ಚು. ಫಲಿತಾಂಶ ಕೆಡುವುದೂ ಅಲ್ಲೇ, ಅದಕ್ಕೆ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಣ್ಣಿಗೆ ಬಿಳಿ ಅನ್ನಿಸುವ ಕಾಗದ ಸ್ಕ್ಯಾನರಿಗೆ ಬಿಳಿಯಲ್ಲ. ಕಂಪ್ಯೂಟರಿನಲ್ಲಿ ಕಪ್ಪಿಗೆ 0, ಪೂರ್ತಿ ಬಿಳಿಗೆ 255 ಅನ್ನುವ ಅಳತೆ. ಸ್ಕ್ಯಾನ್ ಆದ ಕಾಗದ 235 ರಿಂದ 245 ರ ಸುತ್ತ ಎಲ್ಲೋ ಇರುತ್ತದೆ, ನೆರಳಿದ್ದ ಕಡೆ ಇನ್ನೂ ಕಡಿಮೆ. ಶಾಯಿಯೂ ಪೂರ್ತಿ ಕಪ್ಪಲ್ಲ, 30 ಅಥವಾ 50 ಇದ್ದೀತು. ಹಾಗೇ ಬಿಟ್ಟು ಬಿಳಿಯನ್ನು ತೆಗೆಯಲು ಹೇಳಿದರೆ ಗಿಂಪ್ 255 ಅನ್ನು ಮಾತ್ರ ಪೂರ್ತಿ ತೆಗೆಯುತ್ತದೆ. 240 ಇರುವ ಕಾಗದದಿಂದ ಬಹುಪಾಲು ತೆಗೆದು ತೆಳುವಾದ ಒಂದು ಮಬ್ಬನ್ನು ಉಳಿಸುತ್ತದೆ. ಪರದೆಯ ಮೇಲೆ ಅದು ಕಾಣುವುದೇ ಇಲ್ಲ, ಪ್ರಿಂಟ್ ತೆಗೆದಾಗ ಸಹಿಯ ಸುತ್ತ ಮಾಸಿದ ಪೆಟ್ಟಿಗೆಯಾಗಿ ಎದ್ದು ಬರುತ್ತದೆ.

ಆದ್ದರಿಂದ `Levels` ನಲ್ಲಿ ಇನ್‌ಪುಟ್ ಸಾಲಿನ ಬಲ ತುದಿಯ ಸಂಖ್ಯೆಯನ್ನು 255 ರಿಂದ ಸುಮಾರು 215 ಕ್ಕೆ ಇಳಿಸಿ. ಆಗ 215 ಕ್ಕಿಂತ ಮೇಲಿರುವುದೆಲ್ಲ ಪೂರ್ತಿ ಬಿಳಿಯಾಗುತ್ತದೆ. ಎಡ ತುದಿಯ ಸಂಖ್ಯೆಯನ್ನು 0 ರಿಂದ ಸುಮಾರು 50 ಕ್ಕೆ ಏರಿಸಿ. ಆಗ ಶಾಯಿ ಗಟ್ಟಿ ಕಪ್ಪಾಗುತ್ತದೆ. ಇವು ಎಲ್ಲರಿಗೂ ಒಂದೇ ಸಂಖ್ಯೆ ಅಲ್ಲ. ಬಲ ತುದಿಯನ್ನು ನಿಧಾನವಾಗಿ ಇಳಿಸುತ್ತಾ ಹೋಗಿ, ಕಾಗದದ ಕಲೆ ಮತ್ತು ನೆರಳು ಮಾಯವಾದ ಜಾಗದಲ್ಲಿ ನಿಲ್ಲಿಸಿ. ಇನ್ನೂ ಇಳಿಸಿದರೆ ಸಹಿಯ ಬಾಲದಂಥ ತೆಳು ಗೆರೆಗಳು ಕರಗಲು ಶುರುವಾಗುತ್ತವೆ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ನೀಲಿ ಶಾಯಿ ಬಳಸಿದ್ದರೆ ಎಡ ತುದಿಯನ್ನು ಹೆಚ್ಚು ಏರಿಸಬೇಡಿ, ನೀಲಿ ಹೋಗಿ ಕಪ್ಪಾಗುತ್ತದೆ.

`Color to Alpha` ಯಾಕೆ, ಬಿಳಿ ಭಾಗವನ್ನು ಆರಿಸಿ ಡಿಲೀಟ್ ಒತ್ತಿದರೆ ಸಾಲದೇ ಅಂತ ಕೇಳಬಹುದು. ಗೆರೆಯ ಅಂಚಿನ ಚುಕ್ಕಿಗಳು ಅರ್ಧ ಶಾಯಿ, ಅರ್ಧ ಕಾಗದ. ಅದಕ್ಕೇ ಅವು ಬೂದು. ಡಿಲೀಟ್ ಒತ್ತಿದರೆ ಒಂದು ಚುಕ್ಕಿ ಪೂರ್ತಿ ಹೋಗುತ್ತದೆ, ಇಲ್ಲ ಪೂರ್ತಿ ಉಳಿಯುತ್ತದೆ. ಉಳಿದ ಬೂದು ಚುಕ್ಕಿಗಳು ಸಹಿಯ ಸುತ್ತ ಬಿಳಿಚಿದ ಅಂಚಾಗಿ ಕಾಣುತ್ತವೆ. `Color to Alpha` ಆ ಅರ್ಧ ಬೂದನ್ನು ಅರ್ಧ ಪಾರದರ್ಶಕ ಕಪ್ಪಾಗಿ ಮಾಡುತ್ತದೆ, ಅಂಚು ನಯವಾಗಿ ಕೆಳಗಿನ ಕಾಗದಕ್ಕೆ ಹೊಂದಿಕೊಳ್ಳುತ್ತದೆ. ವರ್ಡ್‌ನಲ್ಲಿರುವ `Set Transparent Color` ಕೂಡ ಡಿಲೀಟ್‌ನಂತೆಯೇ. ಅದು ಒಂದೇ ಒಂದು ಬಣ್ಣವನ್ನು ತೆಗೆಯುತ್ತದೆ, ಸ್ಕ್ಯಾನ್ ಆದ ಕಾಗದದಲ್ಲಿ ಹತ್ತಾರು ಬಗೆಯ ಬಿಳಿ ಇರುತ್ತವೆ.

ಆಯಿತೋ ಇಲ್ಲವೋ ಪರೀಕ್ಷೆ ಮಾಡಲು ವರ್ಡ್‌ನಲ್ಲಿ ಒಂದು ಟೇಬಲ್ ಮನೆ ಹಾಕಿ, ಅದಕ್ಕೆ ಹಳದಿ ಬಣ್ಣ ತುಂಬಿ, ಅದರಲ್ಲಿ ಏನಾದರೂ ಒಂದು ಸಾಲು ಬರೆಯಿರಿ. ಅದರ ಮೇಲೆ ಸಹಿಯನ್ನು ಇಟ್ಟು ನೋಡಿ. ಸುತ್ತ ಪೆಟ್ಟಿಗೆ ಕಂಡರೆ `Levels` ಸಾಲಲಿಲ್ಲ. ಸಹಿಯ "ಒ" ಅಥವಾ "a" ಒಳಗಿನ ಗುಂಡಿಯಲ್ಲಿ ಬಿಳಿ ಉಳಿದಿದ್ದರೆ ಕಾಗದ ಪೂರ್ತಿ ಹೋಗಿಲ್ಲ. ಹಳದಿ ಸಲೀಸಾಗಿ ಕಂಡು, ಕೆಳಗಿನ ಅಕ್ಷರ ಓದಲು ಬಂದರೆ ಕೆಲಸ ಸರಿಯಾಗಿದೆ.

ಕೊನೆಗೆ ಎರಡು ಪ್ರತಿ ಮಾಡಿಕೊಳ್ಳಿ. ದೊಡ್ಡದು, ಅಂದರೆ 1500 ಚುಕ್ಕಿ ಅಗಲದ್ದು, ಮೂಲ. ಅದು ಯುಎಸ್‌ಬಿಯಲ್ಲೋ ಪಾಸ್‌ವರ್ಡ್ ಇರುವ ಜಾಗದಲ್ಲೋ ಇರಲಿ, ಎಲ್ಲಿಗೂ ಹೋಗುವುದು ಬೇಡ. `Image → Scale Image` ನಲ್ಲಿ ಅಗಲ 750, ರೆಸಲ್ಯೂಶನ್ 300 ಅಂತ ಕೊಟ್ಟು ಇನ್ನೊಂದು ಹೆಸರಿನಲ್ಲಿ ಉಳಿಸಿದ್ದು ದಿನಬಳಕೆಯದು. ಕಾಗದದ ಮೇಲೆ ಎರಡೂವರೆ ಇಂಚಿಗೆ ಅದು ಸ್ಪಷ್ಟವಾಗೇ ಕಾಣುತ್ತದೆ. ಯಾರಾದರೂ ಕದ್ದು ದೊಡ್ಡದು ಮಾಡಲು ಹೋದರೆ ಮಸುಕಾಗುತ್ತದೆ.

ಕಂಪ್ಯೂಟರ್ ಇಲ್ಲದೆ ಫೋನ್ ಒಂದೇ ಇರುವವರು ಇಷ್ಟೆಲ್ಲ ಮಾಡಬೇಕಿಲ್ಲ. ಐಫೋನಿನ Files ನಲ್ಲಿ ಪಿಡಿಎಫ್ ತೆರೆದು ಮಾರ್ಕಪ್‌ನಲ್ಲಿ, ಅಥವಾ ಅಕ್ರೋಬ್ಯಾಟ್ ರೀಡರಿನ `Fill & Sign` ನಲ್ಲಿ, ಬೆರಳಿನಿಂದಲೇ ಸಹಿ ಬರೆದು ಇಡಬಹುದು. ಬೆರಳಿನ ಸಹಿ ಪೆನ್ನಿನದರಂತೆ ಬರುವುದಿಲ್ಲ ಅನ್ನೋದಷ್ಟೇ ಕೊರತೆ.

ಒಂದು ಟೈಮ್‌ಶೀಟ್ ಮೇಲೆ ಒತ್ತಿ ನೋಡೋಣ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಏಜೆನ್ಸಿ ಮೂಲಕ ಗೋದಾಮಿನ ಕೆಲಸಕ್ಕೆ ಹೋಗುವ ಒಬ್ಬರನ್ನು ಇಟ್ಟುಕೊಳ್ಳೋಣ. ಅವರಿಗೆ ಗಂಟೆಗೆ 18 ಡಾಲರ್. ಏಜೆನ್ಸಿ ವಾರಕ್ಕೊಂದು ವರ್ಡ್ ಫೈಲು ಕಳಿಸುತ್ತದೆ, ಗಂಟೆ ತುಂಬಿ ಸಹಿ ಹಾಕಿ ಕಳಿಸಬೇಕು. ಆ ವಾರ ಅವರು ಸೋಮವಾರ 8, ಮಂಗಳವಾರ 8, ಬುಧವಾರ 9.5, ಗುರುವಾರ 8, ಶುಕ್ರವಾರ 10 ಗಂಟೆ ಮಾಡಿದ್ದಾರೆ. ಒಟ್ಟು 43.5 ಗಂಟೆ.

ಮೊದಲು ಗಂಟೆ ತುಂಬಬೇಕು, ಆಮೇಲೆ ಒಟ್ಟು ಬರೆಯಬೇಕು, ಕೊನೆಗೇ ಸಹಿ. ಈ ಕ್ರಮ ಬದಲಾಗಬಾರದು. ಗಂಟೆ ತುಂಬಿದ ಮೇಲೆ `Insert → Pictures` ನಿಂದ ದಿನಬಳಕೆಯ ಪಿಎನ್‌ಜಿ ತರಬೇಕು. ಅದು ಬಂದು ಸಾಲುಗಳನ್ನು ಆಚೀಚೆ ತಳ್ಳಿದರೆ ಹೆದರಬೇಕಿಲ್ಲ. ಅದರ ಮೇಲೆ ಒತ್ತಿ `Wrap Text → In Front of Text` ಆರಿಸಿದರೆ ಸಹಿ ಬರಹದ ಮೇಲೆ ತೇಲುತ್ತದೆ, ಎಳೆದು ಗೆರೆಯ ಮೇಲೆ ಕೂರಿಸಬಹುದು. ಚಿಕ್ಕದು ಮಾಡಬೇಕಾದರೆ ಮೂಲೆಯ ಚುಕ್ಕಿಯನ್ನೇ ಹಿಡಿದು ಎಳೆಯಬೇಕು. ಬದಿಯ ಚುಕ್ಕಿ ಹಿಡಿದರೆ ಸಹಿ ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ತಾರೀಕನ್ನು ಟೈಪ್ ಮಾಡಬೇಕು. ತಾರೀಕನ್ನು ಯಾವತ್ತೂ ಸಹಿಯ ಚಿತ್ರದಲ್ಲೇ ಸೇರಿಸಿಡಬೇಡಿ.

ಆಮೇಲೆ `File → Save As` ನಲ್ಲಿ ಪಿಡಿಎಫ್ ಆರಿಸಿ ಉಳಿಸಿ, ಆ ಪಿಡಿಎಫ್ ಅನ್ನೇ ಕಳಿಸಬೇಕು. ವರ್ಡ್ ಫೈಲನ್ನು ಕಳಿಸಿದರೆ ಪಡೆದವರು ಗಂಟೆಗಳನ್ನು ಬದಲಾಯಿಸಬಹುದು. ಅಷ್ಟೇ ಅಲ್ಲ, ಸಹಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ `Save as Picture` ಅಂದರೆ ನೀವು ಕಷ್ಟಪಟ್ಟು ಮಾಡಿದ ಪಿಎನ್‌ಜಿ ಹಾಗೇ ಅವರ ಕೈಗೆ ಹೋಗುತ್ತದೆ. ಪಿಡಿಎಫ್‌ನಿಂದಲೂ ಗೊತ್ತಿದ್ದವರು ಚಿತ್ರ ತೆಗೆಯಬಲ್ಲರು, ಆದರೆ ಅಷ್ಟು ಸುಲಭವಿಲ್ಲ. ಈ ವಿಧಾನದ ಮಿತಿ ಅದು, ಪೂರ್ತಿ ಬೀಗ ಇದಕ್ಕೆ ಇಲ್ಲ.

ಈಗ ಹಣದ ಲೆಕ್ಕ ನೋಡಿ. ಓವರ್‌ಟೈಮ್ ಅನ್ವಯಿಸುವ ಇಂಥ ಗಂಟೆ ಲೆಕ್ಕದ ಕೆಲಸಕ್ಕೆ ವಾರಕ್ಕೆ 40 ಗಂಟೆ ಮೀರಿದ ಹೊತ್ತಿಗೆ ಒಂದೂವರೆ ಪಟ್ಟು ಕೂಲಿ. 40 ಗಂಟೆಗೆ 720 ಡಾಲರ್. ಉಳಿದ 3.5 ಗಂಟೆಗೆ 27 ರಂತೆ 94.50. ಒಟ್ಟು 814.50. ಅದೇ ವ್ಯಕ್ತಿ "ನೀವೇ ಸಹಿ ಒತ್ತಿಕೊಳ್ಳಿ" ಅಂತ ಪಿಎನ್‌ಜಿಯನ್ನು ಸೂಪರ್‌ವೈಸರಿಗೆ ಕೊಟ್ಟಿದ್ದು, ಅವರು 40 ಗಂಟೆ ಅಂತ ತುಂಬಿ ಒತ್ತಿದರೆ, 94.50 ಹೋಯಿತು. ಜೊತೆಗೆ "40 ಗಂಟೆ ಅಂತ ನೀನೇ ಸಹಿ ಹಾಕಿದ್ದೀಯ" ಅನ್ನುವ ಕಾಗದವೂ ಅವರ ಹತ್ತಿರ ಇರುತ್ತದೆ. ನಿಜ ಅದಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ.

ಆದ್ದರಿಂದ ಟೈಮ್‌ಶೀಟನ್ನು ಕಳಿಸುವಾಗ ನಿಮ್ಮ ಸ್ವಂತ ಈಮೇಲಿಗೂ ಒಂದು ಪ್ರತಿ ಹಾಕಿಕೊಳ್ಳಿ. ಕಂಪನಿಯ ಈಮೇಲ್ ಆದರೆ ಕೆಲಸ ಬಿಟ್ಟ ದಿನ ಅದು ಮುಚ್ಚಿಹೋಗುತ್ತದೆ. ಬಾಕಿ ಕೂಲಿಗೆ ದೂರು ಕೊಡಲು ನ್ಯೂಯಾರ್ಕ್‌ನಲ್ಲೂ ನ್ಯೂಜೆರ್ಸಿಯಲ್ಲೂ ಆರು ವರ್ಷದ ಅವಧಿ ಇದೆ. ಆ ಪಿಡಿಎಫ್‌ಗಳನ್ನು ಅಷ್ಟು ವರ್ಷ ಇಟ್ಟುಕೊಳ್ಳಿ.

ಕಾನೂನಿನಲ್ಲಿ ಇದಕ್ಕೆ ಬೆಲೆ ಇದೆಯಾ

ಇದೆ. ಅಮೆರಿಕದ ಇ-ಸೈನ್ ಕಾಯ್ದೆ 2000 ದಲ್ಲಿ ಬಂತು. ನ್ಯೂಯಾರ್ಕ್ 1999 ರಲ್ಲೇ ತನ್ನದೇ ಕಾಯ್ದೆ ಮಾಡಿತ್ತು, ನ್ಯೂಜೆರ್ಸಿ 2001 ರಲ್ಲಿ ಮಾಡಿತು. ಇವುಗಳ ಸಾರ ಏನಂದರೆ, ಸಹಿ ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಇಲ್ಲಿ ಮುಖ್ಯವಾಗುವುದು ಆ ಚಿತ್ರವನ್ನು ಒತ್ತಿದವರು ನೀವೇ, ಒಪ್ಪುವ ಉದ್ದೇಶದಿಂದಲೇ ಒತ್ತಿದಿರಿ ಅನ್ನೋದು. ಅದಕ್ಕೇ ಟೈಮ್‌ಶೀಟು, ಬಿಲ್ಲು, ರಸೀದಿ, ಸಾಮಾನ್ಯ ಒಪ್ಪಂದ ಇವಕ್ಕೆಲ್ಲ ಇದು ನಡೆಯುತ್ತದೆ. ಹಾಗಂತ ಎಲ್ಲ ಕಾಗದಕ್ಕೂ ನಡೆಯುವುದಿಲ್ಲ. ನಮ್ಮವರು ಹೆಚ್ಚಾಗಿ ಎಡವುವ ಮೂರು ಜಾಗಗಳನ್ನು ಕೆಳಗೆ ಹೇಳಿದ್ದೇನೆ.

ಒಂದು, ಇಮಿಗ್ರೇಶನ್ ಕಾಗದ. ಯುಎಸ್‌ಸಿಐಎಸ್‌ಗೆ ಕಳಿಸುವ ಕಾಗದದ ಫಾರ್ಮಿನಲ್ಲಿ ಕೈಯಿಂದ ಹಾಕಿದ ಸಹಿ ಬೇಕು. ಪೆನ್ನಿನಿಂದ ಸಹಿ ಹಾಕಿದ ಪೂರ್ತಿ ಹಾಳೆಯ ಸ್ಕ್ಯಾನ್ ಅಥವಾ ಜೆರಾಕ್ಸ್ ಪ್ರತಿಯನ್ನು ಅವರು ಒಪ್ಪುತ್ತಾರೆ. ಆದರೆ ಸ್ಟಾಂಪು, ವರ್ಡ್ ಪ್ರೊಸೆಸರ್, ಸಹಿ ಹಾಕುವ ಯಂತ್ರ ಇಂಥವುಗಳಿಂದ ಮೂಡಿದ ಸಹಿಯನ್ನು ಒಪ್ಪುವುದಿಲ್ಲ. ಎರಡೂ ಕೊನೆಗೆ ಚಿತ್ರವೇ ಅಲ್ಲವಾ ಅನ್ನಿಸಬಹುದು. ವ್ಯತ್ಯಾಸ ಇಲ್ಲಿದೆ: ಮೊದಲನೆಯದರಲ್ಲಿ ನೀವು ಆ ಫಾರ್ಮಿನ ಮೇಲೇ ಪೆನ್ನು ಇಟ್ಟಿದ್ದೀರಿ, ಎರಡನೆಯದರಲ್ಲಿ ಬೇರೆ ಯಾವುದೋ ಹಾಳೆಯ ಸಹಿ ಇಲ್ಲಿಗೆ ಬಂದಿದೆ. ಸಹಿ ಸರಿಯಿಲ್ಲ ಅಂದರೆ ಅರ್ಜಿ ಮೊದಲೇ ವಾಪಸ್ ಬರಬಹುದು, ತೆಗೆದುಕೊಂಡ ಮೇಲೆ ಗೊತ್ತಾದರೆ ನಿರಾಕರಿಸಲೂಬಹುದು. ತಾರೀಕಿನ ಗಡುವು ಇರುವವರಿಗೆ ಇದು ತುಂಬಾ ದುಬಾರಿ. ಇಂಥ ಫಾರ್ಮಿಗೆ ಪ್ರಿಂಟ್ ತೆಗೆದು ಪೆನ್ನಿನಲ್ಲೇ ಸಹಿ ಹಾಕಿ. ಅವರ ವೆಬ್‌ಸೈಟಿನಲ್ಲಿ ನಿಮ್ಮ ಅಕೌಂಟ್ ಮೂಲಕ ಸಲ್ಲಿಸುವುದಾದರೆ ಅಲ್ಲಿನ ಸಹಿಯ ಕ್ರಮವೇ ಬೇರೆ, ಅದನ್ನೇ ಅನುಸರಿಸಿ.

ಎರಡು, ತೆರಿಗೆಯ ಫಾರ್ಮ್ 8879. ನಿಮ್ಮ ಟ್ಯಾಕ್ಸ್ ರಿಟರ್ನ್ ಅನ್ನು ಬೇರೆಯವರು ಕಂಪ್ಯೂಟರ್ ಮೂಲಕ ಸಲ್ಲಿಸುವ ಮೊದಲು "ನಾನು ನೋಡಿದ್ದೇನೆ, ಸರಿಯಿದೆ, ಕಳಿಸಿ" ಅಂತ ನೀವು ಸಹಿ ಹಾಕುವ ಕಾಗದ ಇದು. ಇಲ್ಲಿ ಎಲೆಕ್ಟ್ರಾನಿಕ್ ಸಹಿಗೆ ಅವಕಾಶ ಇದೆ, ಅದಕ್ಕೆ ಐಆರ್‌ಎಸ್‌ನ ಗುರುತು ಪರಿಶೀಲನೆಯ ನಿಯಮಗಳೂ ಇವೆ. ಅಪಾಯ ಬೇರೆ ಕಡೆ ಇದೆ. "ಪ್ರತಿ ವರ್ಷ ಬರೋದು ಬೇಡ, ನಿಮ್ಮ ಸಹಿಯ ಫೈಲು ಕೊಟ್ಟಿರಿ, ನಾವೇ ಹಾಕ್ಕೊಳ್ತೀವಿ" ಅನ್ನುವವರಿದ್ದಾರೆ. ಕೊಡಬೇಡಿ. ಆ ಫಾರ್ಮಿನಲ್ಲಿ ಸುಳ್ಳಿದ್ದರೆ ಶಿಕ್ಷೆಗೆ ಒಳಪಡುತ್ತೇನೆ ಅನ್ನುವ ಘೋಷಣೆ ಇದೆ, ಅದನ್ನು ಹೇಳುತ್ತಿರುವವರು ನೀವು. ಸಹಿಗೆ ಮುಂಚೆ ಪೂರ್ತಿ ರಿಟರ್ನ್ ತರಿಸಿಕೊಂಡು ನೋಡಿ. ಫಾರ್ಮ್ 8879 ರ ಮೊದಲ ಭಾಗದಲ್ಲಿ ಆದಾಯ, ಒಟ್ಟು ತೆರಿಗೆ, ಸಂಬಳದಿಂದ ಹಿಡಿದ ತೆರಿಗೆ, ವಾಪಸ್ ಬರುವ ಹಣ, ಕಟ್ಟಬೇಕಾದ ಹಣ ಅಂತ ಐದು ಸಾಲುಗಳಿವೆ. ರಿಟರ್ನ್‌ನಲ್ಲಿರುವ ಸಂಖ್ಯೆಗೂ ಇವಕ್ಕೂ ತಾಳೆಯಾಗಬೇಕು. ರಿಫಂಡ್ ಹೋಗುವ ಬ್ಯಾಂಕ್ ಖಾತೆಯ ನಂಬರ್ ನಿಮ್ಮದೇ ಅಂತಲೂ ನೋಡಿ.

ಮೂರು, ಊರಿನ ಆಸ್ತಿಯ ಪವರ್ ಆಫ್ ಅಟಾರ್ನಿ. ಅಪ್ಪನ ಹೆಸರಿಗೋ ತಮ್ಮನ ಹೆಸರಿಗೋ ಅಧಿಕಾರ ಕೊಡುವ ಈ ಪತ್ರಕ್ಕೂ, ವಿಲ್ಲಿಗೂ ಭಾರತದ 2000 ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಎಲೆಕ್ಟ್ರಾನಿಕ್ ಸಹಿ ಅನ್ವಯಿಸುವುದಿಲ್ಲ. ಪಿಎನ್‌ಜಿ ಒತ್ತಿ ಈಮೇಲ್‌ನಲ್ಲಿ ಕಳಿಸಿದ ಪತ್ರವನ್ನು ಊರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಯ್ದರೆ ಪ್ರಯೋಜನವಿಲ್ಲ. ಇಲ್ಲಿ ನೋಟರಿ ಅಥವಾ ಕಾನ್ಸುಲೇಟ್ ಅಧಿಕಾರಿಯ ಎದುರಿಗೆ ಪೆನ್ನಿನಲ್ಲಿ ಸಹಿ ಹಾಕಿ, ಮೂಲ ಪ್ರತಿಯನ್ನೇ ಕೊರಿಯರ್ ಮಾಡಬೇಕು. ಮೊದಲೇ ಮನೆಯಲ್ಲಿ ಸಹಿ ಹಾಕಿಕೊಂಡು ಹೋಗಬೇಡಿ, ಅವರ ಕಣ್ಣೆದುರೇ ಹಾಕಬೇಕು. ಪತ್ರ ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು ಅಂತ ಊರಿನವರಿಗೆ ಹೇಳಿಡಿ.

ಫೈಲನ್ನು ಇಟ್ಟುಕೊಳ್ಳುವ ರೀತಿ

ಫೈಲಿಗೆ `signature.png` ಅಂತ ಹೆಸರಿಡಬೇಡಿ. ಫೋನ್ ಕಳೆದರೆ ಹುಡುಕುವವರು ಮೊದಲು ಹುಡುಕುವುದು ಅದನ್ನೇ. ಫೋನಿನ ಗ್ಯಾಲರಿಯಲ್ಲಿ ಇಡಬೇಡಿ, ಫೋಟೋ ನೋಡಲು ಅನುಮತಿ ಕೊಟ್ಟ ಆಪ್‌ಗಳೆಲ್ಲ ಅದನ್ನೂ ನೋಡಬಲ್ಲವು. ರೂಮ್‌ಮೇಟ್ ಜೊತೆ ಹಂಚಿಕೊಂಡ ಲ್ಯಾಪ್‌ಟಾಪಿನಲ್ಲಿ ಬೇಡ. ಪಾಸ್‌ಪೋರ್ಟ್ ಸ್ಕ್ಯಾನ್ ಇರುವ ಫೋಲ್ಡರಿನಲ್ಲಂತೂ ಬೇಡವೇ ಬೇಡ. ಎರಡೂ ಒಟ್ಟಿಗೆ ಸಿಕ್ಕರೆ ನಿಮ್ಮ ಹೆಸರಿನಲ್ಲಿ ಕಾಗದ ಮಾಡಲು ಬೇಕಾದ್ದೆಲ್ಲ ಒಂದೇ ಕಡೆ ಸಿಕ್ಕಂತೆ.

ಯಾವ ಕಾಗದಕ್ಕೆ, ಯಾವ ದಿನ, ಯಾರಿಗೆ ಅಂತ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಸಾಲಿಗೊಂದು ಸಹಿ. ನಾಳೆ ಯಾರಾದರೂ ನಿಮ್ಮ ಸಹಿ ಇರುವ, ನೀವು ಕಂಡೇ ಇರದ ಕಾಗದ ತೋರಿಸಿದರೆ, ಆ ಪುಸ್ತಕದಲ್ಲಿ ಆ ಸಾಲು ಇಲ್ಲದಿರುವುದು ಮತ್ತು ನಿಮ್ಮ ಈಮೇಲಿನಲ್ಲಿ ಆ ದಿನ ಅಂಥ ಪಿಡಿಎಫ್ ಹೋಗದಿರುವುದು ನಿಮ್ಮ ಪರವಾಗಿ ಮಾತಾಡುತ್ತದೆ. ಫೈಲು ಬೇರೆಯವರ ಕೈಗೆ ಹೋಗಿದೆ ಅಂತ ಅನುಮಾನ ಬಂದರೆ, ಅದನ್ನು ಬಳಸಿದ್ದ ಏಜೆನ್ಸಿ, ಬ್ಯಾಂಕು, ಮನೆ ಮಾಲೀಕರಿಗೆ ಈಮೇಲ್‌ನಲ್ಲೇ ಬರೆದು ತಿಳಿಸಿ: "ಇಂಥ ತಾರೀಕಿನ ನಂತರ ಅಂಟಿಸಿದ ಸಹಿ ನನ್ನದಲ್ಲ, ಇನ್ನು ಮುಂದೆ ಪೆನ್ನಿನ ಸಹಿ ಮಾತ್ರ ಒಪ್ಪಿ." ಆಮೇಲೆ ಹಳೆಯ ಫೈಲನ್ನು ನಿಮ್ಮ ಬಳಿಯೂ ಅಳಿಸಿ, ಆ ದಿನದಿಂದ ಅದನ್ನು ನೀವೂ ಬಳಸಬೇಡಿ.